ರಿಸರ್ವ್ ನಾಬ್ ಹೋದ ಮೇಲೆ

ಹಳೆಯ ಬೈಕ್ ಓಡಿಸಿದವರಿಗೆಲ್ಲ ಆ ಕ್ಷಣ ಗೊತ್ತು. ಗಾಡಿ ಒಂದೆರಡು ಸಲ ಮುಗ್ಗರಿಸಿದಂತಾಗುತ್ತದೆ, ಎಡಗೈ ತಾನಾಗಿಯೇ ಟ್ಯಾಂಕಿನ ಕೆಳಗೆ ಹೋಗಿ ನಾಬ್ ತಿರುಗಿಸುತ್ತದೆ, ಗಾಡಿ ಮತ್ತೆ ಓಡುತ್ತದೆ. 'ರಿಸರ್ವ್‌ಗೆ ಬಂತು' ಎಂದರೆ ಇಷ್ಟೇ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂದಾಗ, ಒಂದೆರಡು ಮಾದರಿ ಬಿಟ್ಟರೆ ಹೊಸ ಬೈಕು, ಸ್ಕೂಟರುಗಳೆಲ್ಲ ಕಾರ್ಬುರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ಅದರೊಂದಿಗೆ ನಾಬ್ ಹೋಯಿತು, ಅದರ ಜಾಗಕ್ಕೆ ಮೀಟರಿನಲ್ಲಿ ಮಿನುಗುವ ಒಂದು ದೀಪವೋ ಗುರುತೋ ಬಂತು. ನಮ್ಮ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ದೀಪ ಬಂದರೂ 'ಇನ್ನೂ ರಿಸರ್ವ್ ಇದೆಯಲ್ಲ' ಎಂದು ಟ್ಯಾಂಕ್ ಬತ್ತುವ ತನಕ ಓಡಿಸುತ್ತೇವೆ. ಹಳೆಯ ಗಾಡಿಯಲ್ಲಿ ಇದರಿಂದ ನಷ್ಟವೇನೂ ಇರಲಿಲ್ಲ, ತಳ್ಳಿಕೊಂಡು ಹೋಗುವ ಕಷ್ಟ ಮಾತ್ರ. ಈಗಿನ ಗಾಡಿಯಲ್ಲಿ ನಷ್ಟವಿದೆ.

ಹಳೆಯ ಪೆಟ್ರೋಲ್ ಕಾಕ್‌ನಲ್ಲಿ ಎರಡು ಬಾಯಿಗಳಿದ್ದವು. ಒಂದು, ಟ್ಯಾಂಕಿನೊಳಗೆ ಕೆಲವು ಸೆಂಟಿಮೀಟರ್ ಎತ್ತರಕ್ಕೆ ನಿಂತ ಪುಟ್ಟ ಕೊಳವೆಯ ತುದಿ. ಇನ್ನೊಂದು ತಳದಲ್ಲಿ. ಪೆಟ್ರೋಲ್ ಕೊಳವೆಯ ತುದಿಗಿಂತ ಕೆಳಗಿಳಿದರೆ ಹರಿವು ನಿಲ್ಲುತ್ತಿತ್ತು, ನಾಬ್ ತಿರುಗಿಸಿದರೆ ತಳದ ಬಾಯಿ ತೆರೆದುಕೊಳ್ಳುತ್ತಿತ್ತು. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಕಾರ್ಬುರೇಟರ್ ಸೇರುತ್ತಿತ್ತು. ದಾರಿಯಲ್ಲಿ ತಿರುಗುವ ಯಂತ್ರವೇ ಇರಲಿಲ್ಲ, ಹಾಗಾಗಿ ಒಣಗಿದರೆ ಕೆಡುವಂಥದ್ದೂ ಏನಿರಲಿಲ್ಲ.

ಇಂಜೆಕ್ಷನ್‌ಗೆ ಹಾಗೆ ಸುಮ್ಮನೆ ಇಳಿಯುವ ಪೆಟ್ರೋಲ್ ಸಾಲದು. ಸಾಮಾನ್ಯವಾಗಿ ಸುಮಾರು 3 ಬಾರ್ ಒತ್ತಡ ಬೇಕು. ಈ ಒತ್ತಡ ಕೊಡುವ ವಿದ್ಯುತ್ ಪಂಪು ಕೂತಿರುವುದು ಟ್ಯಾಂಕಿನೊಳಗೇ, ಪೆಟ್ರೋಲಿನಲ್ಲಿ ಮುಳುಗಿ. ಕೀ ಆನ್ ಮಾಡಿ ಸೆಲ್ಫ್ ಹೊಡೆಯುವ ಮೊದಲು ಎರಡು ಮೂರು ಸೆಕೆಂಡು ಸೀಟಿನ ಮುಂದಿನಿಂದಲೋ ಕೆಳಗಿನಿಂದಲೋ 'ಝುಯ್' ಎಂಬ ಸಣ್ಣ ಸದ್ದು ಕೇಳಿಸುತ್ತದಲ್ಲ, ಅದೇ ಪಂಪು. ಕಾರಿನಲ್ಲಾದರೆ ಆ ಸದ್ದು ಹಿಂದಿನ ಸೀಟಿನ ಅಡಿಯಿಂದ ಬರುತ್ತದೆ.

ಪಂಪನ್ನು ಪೆಟ್ರೋಲಿನಲ್ಲಿ ಮುಳುಗಿಸಿಟ್ಟಿರುವುದು ಜಾಗ ಉಳಿಸಲು ಮಾತ್ರವಲ್ಲ. ಅದು ಎಳೆದುಕೊಳ್ಳುವ ಪೆಟ್ರೋಲ್ ಮೋಟಾರಿನ ಒಡಲೊಳಗೇ ಹಾದು, ಕಾಯಿಲನ್ನು ತೋಯಿಸಿಕೊಂಡು ಮೇಲಿನ ಬಾಯಿಯಿಂದ ಹೊರಬೀಳುತ್ತದೆ. ಮೋಟಾರಿನ ಬಿಸಿಯನ್ನು ಒಯ್ಯುವುದೂ ಅದೇ, ತಿರುಗುವ ಭಾಗಗಳ ನಡುವೆ ತೆಳ್ಳಗೆ ನಿಂತು ಉಜ್ಜಾಟ ತಡೆಯುವುದೂ ಅದೇ. (ಪೆಟ್ರೋಲಿನೊಳಗೆ ಮೋಟಾರು ಎಂದರೆ ಹಲವರಿಗೆ ಭಯ. ಉರಿಯಲು ಗಾಳಿ ಬೇಕು, ತುಂಬಿ ಹರಿಯುವ ಪಂಪಿನೊಳಗೆ ಅದಿಲ್ಲ.) ಬೋರ್‌ವೆಲ್ ಇರುವ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀರಿಳಿದ ಬೋರಿನಲ್ಲಿ ಸಬ್‌ಮರ್ಸಿಬಲ್ ಮೋಟಾರು ಡ್ರೈ ರನ್ ಆದರೆ ಕಾಯಿಲ್ ಸುಡುತ್ತದೆಂದು ಅವರು ಸ್ಟಾರ್ಟರಿಗೆ ಅದನ್ನು ತಡೆಯುವ ಸಾಧನ ಹಾಕಿಸಿರುತ್ತಾರೆ. ಟ್ಯಾಂಕಿನ ಪಂಪಿನದೂ ಅದೇ ಪಾಡು.

ಟ್ಯಾಂಕ್ ಬತ್ತುತ್ತ ಬಂದಾಗ ಪಂಪಿನ ಬಾಯಿಗೆ ಪೆಟ್ರೋಲಿನ ಜೊತೆ ಗಾಳಿಯೂ ಸಿಗತೊಡಗುತ್ತದೆ. ತಳ್ಳಬೇಕಾದ ಭಾರ ಕಡಿಮೆಯಾದ್ದರಿಂದ ಮೋಟಾರು ಇನ್ನಷ್ಟು ಜೋರಾಗಿ ತಿರುಗುತ್ತದೆ, ಸದ್ದು ಕೀರಲಾಗುತ್ತದೆ. ಬಿಸಿ ಒಯ್ಯುವವರಿಲ್ಲ, ಉಜ್ಜಾಟ ತಡೆಯುವವರಿಲ್ಲ. ಬುಷ್ ಸವೆಯುತ್ತದೆ, ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಬೇಗ ತೇಯುತ್ತದೆ. ಒಮ್ಮೆ ಪೆಟ್ರೋಲ್ ಖಾಲಿಯಾದ ಮಾತ್ರಕ್ಕೆ ಪಂಪು ಸಾಯುವುದಿಲ್ಲ, ಏಕೆಂದರೆ ಎಂಜಿನ್ ನಿಂತ ಕೂಡಲೇ ಇಸಿಯು ಪಂಪಿಗೆ ಕರೆಂಟು ಕಡಿತ ಮಾಡುತ್ತದೆ. ಪೆಟ್ಟು ಬೀಳುವುದು ನಂತರ. ನಿಂತ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತೇವೆ, ಒಂದೊಂದು ಸಲವೂ ಪಂಪು ಒಣಗಿಯೇ ತಿರುಗುತ್ತದೆ. ಇನ್ನೊಂದು ನಮ್ಮೆಲ್ಲರ ಉಪಾಯ, ಬೈಕನ್ನು ಪಕ್ಕಕ್ಕೆ ವಾಲಿಸಿ ಎಬ್ಬಿಸಿ ಓಡಿಸುವುದು. ಬೈಕಿನ ಟ್ಯಾಂಕು ನಡುವಿನ ಫ್ರೇಮಿನ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತದೆ. ಪಂಪಿಲ್ಲದ ಬದಿಯಲ್ಲಿ ಉಳಿದದ್ದು ವಾಲಿಸಿದಾಗ ಈಚೆ ಬರುತ್ತದೆ. ನಾಬ್ ಇದ್ದ ಗಾಡಿಗೆ ಅದು ಒಳ್ಳೆಯ ಉಪಾಯವೇ. ಪಂಪಿನ ಗಾಡಿಯಲ್ಲಿ ಆ ಒಂದೆರಡು ಕಿಲೋಮೀಟರ್ ಪೂರ್ತಿ ಪಂಪು ಗಾಳಿ ಪೆಟ್ರೋಲ್ ಬೆರೆಸಿ ಕುಡಿಯುತ್ತಿರುತ್ತದೆ. ಎಬ್ಬಿಸುವುದಾದರೆ ಬಂಕ್ ಕಣ್ಣೆದುರು ಇದ್ದಾಗ ಮಾತ್ರ.

ಹಾಗಾದರೆ ದೀಪ ಬಂದ ಮೇಲೆ ಎಷ್ಟಿರುತ್ತದೆ? ಟ್ಯಾಂಕಿನೊಳಗೆ ಒಂದು ತೇಲುಬೆಂಡು ಇದೆ, ಅದು ತೋಳಿನ ತುದಿಯಲ್ಲಿ ಇಳಿಯುತ್ತ ಒಂದು ಮಟ್ಟ ಮುಟ್ಟಿದಾಗ ದೀಪ ಹತ್ತುತ್ತದೆ. ಆ ಮಟ್ಟ ಕಂಪನಿ, ಮಾದರಿಗೆ ತಕ್ಕಂತೆ ಬೇರೆ ಬೇರೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಬೈಕುಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ಲೀಟರ್, ಸಣ್ಣ ಕಾರುಗಳಲ್ಲಿ ಐದು ಲೀಟರಿನ ಆಸುಪಾಸು. ತೇಲುಬೆಂಡು ನೋಡುವುದು ಮಟ್ಟವನ್ನು ಮಾತ್ರ, ಲೀಟರ್ ಅಳೆಯುವುದಿಲ್ಲ. ಸೈಡ್ ಸ್ಟ್ಯಾಂಡ್‌ನಲ್ಲಿ ನಿಂತಾಗ, ಇಳಿಜಾರಿನಲ್ಲಿ ಹೋಗುವಾಗ ದೀಪ ಬಂದು ಹೋಗುವುದು ಇದರಿಂದಲೇ.

ಹತ್ತು ಲೀಟರ್ ಟ್ಯಾಂಕಿನ ಒಂದು ಬೈಕಿನಲ್ಲಿ ಒಂದೂವರೆ ಲೀಟರ್ ಇದ್ದಾಗ ದೀಪ ಬರುತ್ತದೆನ್ನಿ. ಲೀಟರಿಗೆ 55 ಕಿಲೋಮೀಟರ್ ಕೊಡುವ ಗಾಡಿಯಾದರೆ ಕಾಗದದ ಮೇಲೆ 82 ಕಿಲೋಮೀಟರ್ ಆಯಿತು. ಆದರೆ ತಳದ ಕೊನೆಯ ಅರ್ಧ ಲೀಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಿರುವಿನಲ್ಲಿ, ಏರಿನಲ್ಲಿ, ಬ್ರೇಕ್ ಹಾಕಿದಾಗ ಅದು ಪಂಪಿನ ಬಾಯಿ ಬಿಟ್ಟು ಅತ್ತಿತ್ತ ಓಡುತ್ತದೆ. ಉಳಿದದ್ದು ಒಂದು ಲೀಟರ್. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿಯಿಂದ ಕೊಟ್ಟಿಗೆಹಾರದ ಕಡೆ ಘಾಟಿ ಹತ್ತುವಾಗ ಮೈಲೇಜು 40ಕ್ಕೆ ಇಳಿದರೆ, ನಂಬಬಹುದಾದ ದೂರ 40 ಕಿಲೋಮೀಟರ್ ಮಾತ್ರ. ಕಾರುಗಳು ತೋರಿಸುವ 'ಇನ್ನಿಷ್ಟು ಕಿಲೋಮೀಟರ್' ಎಂಬ ಅಂಕಿಯೂ ಈವರೆಗೆ ಓಡಿದ ಮೈಲೇಜಿನ ಮೇಲೆ ಹಾಕಿದ ಅಂದಾಜು. ಬಯಲಿನ ಹೈವೇ ಮುಗಿಸಿ ಘಾಟಿ ಹಿಡಿದಾಗ ಆ ಅಂಕಿ ನೋಡನೋಡುತ್ತಲೇ ಕುಸಿಯುತ್ತದೆ. ಕಾರಿನ ಪಂಪನ್ನು ಒಂದು ಪುಟ್ಟ ತೊಟ್ಟಿಯೊಳಗೆ ಕೂರಿಸಿರುವುದರಿಂದ ತಿರುವಿನಲ್ಲಿ ಪೆಟ್ರೋಲ್ ಬೇಗ ಬಿಟ್ಟು ಹೋಗುವುದಿಲ್ಲ, ಆದರೆ ಮುಖ್ಯ ಟ್ಯಾಂಕೇ ಬತ್ತಿದರೆ ಆ ತೊಟ್ಟಿಗೂ ಏನೂ ಬರುವುದಿಲ್ಲ.

ಡೀಸೆಲ್ ಗಾಡಿಯ ಕತೆ ಇನ್ನೂ ಬಿಗಿ. ಕಾಮನ್ ರೈಲ್ ಎಂಜಿನ್ನಿನ ಹೈ ಪ್ರೆಶರ್ ಪಂಪು ಸಾವಿರ ಬಾರ್ ದಾಟಿದ ಒತ್ತಡ ಕೊಡುತ್ತದೆ, ಅದರ ಒಳಭಾಗಗಳಿಗೆ ಎಣ್ಣೆಯ ಕೆಲಸ ಮಾಡುವುದು ಡೀಸೆಲ್ಲೇ. ಒಣಗಿ ತಿರುಗಿದರೆ ಲೋಹ ಲೋಹಕ್ಕೆ ತಾಗಿ ಸಣ್ಣ ಚೂರುಗಳೇಳುತ್ತವೆ, ಅವು ಇಂಜೆಕ್ಟರ್ ತನಕ ಹೋಗುತ್ತವೆ. ಮೇಲಾಗಿ ಲೈನಿನಲ್ಲಿ ಏರ್ ಹಿಡಿಯುತ್ತದೆ. ಮೆಕ್ಯಾನಿಕ್ ಬಂದು ಏರ್ ತೆಗೆಯುವ ತನಕ ಬರಿದೇ ಸೆಲ್ಫ್ ಹೊಡೆಯಬಾರದು.

ಪೆಟ್ರೋಲ್ ಗಾಡಿ ಖಾಲಿಯಾಗಿ ನಿಂತೇ ಬಿಟ್ಟರೆ ಬೈಕಿಗೆ ಕಡೇಪಕ್ಷ ಒಂದು ಲೀಟರ್, ಕಾರಿಗೆ ಐದು ಲೀಟರ್ ಹಾಕಿ. ಆಮೇಲೆ ಕೀ ಆನ್ ಮಾಡಿ, ಪಂಪಿನ ಸದ್ದು ನಿಲ್ಲುವ ತನಕ ಕಾದು, ಆಫ್ ಮಾಡಿ. ಹೀಗೆ ಮೂರು ಸಲ ಮಾಡಿದರೆ ಲೈನು ತುಂಬಿ ಒತ್ತಡ ಏರುತ್ತದೆ. ನಂತರ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಬೇಡ.

ಹೀಗೆ ಹಲವು ಸಲ ಬತ್ತಿದ ಪಂಪು ತನ್ನ ಸುಸ್ತನ್ನು ಮೊದಲೇ ತೋರಿಸುತ್ತದೆ. 'ಝುಯ್' ಸದ್ದು ಮೊದಲಿಗಿಂತ ಕೀರಲಾಗುತ್ತದೆ, ಬೆಳಿಗ್ಗೆ ಗಾಡಿ ತಡವಾಗಿ ಸ್ಟಾರ್ಟ್ ಆಗುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟರೂ ಪಿಕಪ್ ಸಿಗುವುದಿಲ್ಲ. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊರಟರೆ ಅನುಮಾನ ಇನ್ನೂ ಗಟ್ಟಿ. ಆದರೆ ಇವೇ ಲಕ್ಷಣ ಪಂಪಿನ ಬಾಯಿಯ ಜಾಲರಿ ಕಸ ಕಟ್ಟಿದಾಗಲೂ, ರಿಲೇ ಕೆಟ್ಟಾಗಲೂ, ಬ್ಯಾಟರಿ ಸೊರಗಿದಾಗಲೂ ಬರುತ್ತವೆ. ಹೊಸ ಪಂಪಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಪ್ರೆಶರ್ ಗೇಜ್ ಹಾಕಿ ಒತ್ತಡ ನೋಡಿ, ಪಂಪಿಗೆ ಸರಿಯಾದ ವೋಲ್ಟೇಜ್ ಬರುತ್ತಿದೆಯೇ ಪರೀಕ್ಷಿಸಿ ಎಂದು ಗ್ಯಾರೇಜಿನಲ್ಲಿ ಕೇಳಿ. ವೋಲ್ಟೇಜ್ ಸರಿಯಿದ್ದು, ಜಾಲರಿಯೂ ಸ್ವಚ್ಛವಿದ್ದು, ಒತ್ತಡ ಮಾತ್ರ ಏಳದಿದ್ದರೆ ಆಗ ಪಂಪು ಬದಲಿಸಿ.