ಉದ್ರಿ ಬಾಕಿಗೆ ಲೀಗಲ್ ನೋಟಿಸ್: ಕಳಿಸೋ ಮೊದಲು ಒಮ್ಮೆ ಬರೆದು ನೋಡಿ

ಉದ್ರಿ ಲೆಕ್ಕದ ಪುಸ್ತಕ ಇಲ್ಲದ ಅಂಗಡಿ ನಮ್ಮ ತಾಲೂಕಲ್ಲಿ ಸಿಗೋದು ಕಷ್ಟ. ಕೇಳಿ ಕೇಳಿ ಸಾಕಾದ ಮೇಲೆ ಬರೋ ಮಾತು ಒಂದೇ: 'ಒಂದು ಲೀಗಲ್ ನೋಟಿಸ್ ಬಿಡ್ತೀನಿ'. ನೋಟಿಸ್ ಅಂದ್ರೆ ಹೆದರಿಸೋ ಕಾಗದ ಅಂತಲೇ ಹಲವರ ನಂಬಿಕೆ. ಆದರೆ ಮುಂದೆ ಕೇಸ್ ನಡೆದರೆ ಅದೇ ಕಾಗದ ನ್ಯಾಯಾಲಯದ ಮುಂದೆ ಬರುತ್ತೆ. ಅದರಲ್ಲಿ ಬರೆದ ಒಂದು ತಪ್ಪು ಅಂಕಿ ಕಳಿಸಿದವರಿಗೇ ತಿರುಗುಬಾಣ ಆಗುತ್ತೆ. ಹಾಗಾಗಿ ಇಲ್ಲೊಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಟಿಸ್ ಬರೆಯೋದನ್ನ ಅಭ್ಯಾಸ ಮಾಡೋಣ.

ಪ್ರಕರಣ ಏನು?

ಸಿಮೆಂಟ್-ಕಬ್ಬಿಣದ ಅಂಗಡಿಯವರೊಬ್ಬರು ಮನೆ ಕಟ್ಟಿಸುವ ಕಂಟ್ರಾಕ್ಟರ್‌ಗೆ ಉದ್ರಿ ಕೊಟ್ಟಿದ್ದಾರೆ. 2024ರ ಜೂನ್ 10ರಂದು 120 ಚೀಲ ಸಿಮೆಂಟ್, ಬಿಲ್ 46,800 ರೂಪಾಯಿ. ಜೂನ್ 28ರಂದು ಒಂದು ಟನ್ ಕಬ್ಬಿಣ, ಬಿಲ್ 62,400 ರೂಪಾಯಿ. ಒಟ್ಟು 1,09,200. ಇಷ್ಟು ದಿನದೊಳಗೆ ಕೊಡಬೇಕು ಅಂತಾಗಲಿ, ತಡವಾದರೆ ಇಷ್ಟು ಬಡ್ಡಿ ಅಂತಾಗಲಿ ಬಿಲ್ಲಿನಲ್ಲಿ ಇಲ್ಲ.

ಸಿಟ್ಟಲ್ಲಿ ಬರೆದ ಮೊದಲ ಕರಡು ಹೀಗಿತ್ತು: 'ನೀನು ಮೋಸ ಮಾಡುವ ಉದ್ದೇಶದಿಂದಲೇ ಮಾಲು ತಗೊಂಡಿದ್ದೀಯ. 1,09,200 ರೂಪಾಯಿಗೆ ಶೇ. 24 ಬಡ್ಡಿ ಸೇರಿಸಿ ಕೂಡಲೇ ಕೊಡದಿದ್ದರೆ ಕ್ರಿಮಿನಲ್ ಕೇಸ್ ಹಾಕಿ ಒಳಗೆ ಹಾಕಿಸ್ತೀನಿ.'

ಇದರಲ್ಲಿ ದೊಡ್ಡ ಎಡವಟ್ಟು ಲೆಕ್ಕದ್ದು. 2024ರ ಆಗಸ್ಟ್ 20ರಂದು ಕಂಟ್ರಾಕ್ಟರ್ 30,000 ರೂಪಾಯಿ ಯುಪಿಐ ಮಾಡಿದ್ದರು. ಹಣ ಮಗನ ಖಾತೆಗೆ ಬಂದಿತ್ತು, ಅಂಗಡಿ ಪುಸ್ತಕಕ್ಕೆ ಏರಿರಲಿಲ್ಲ. ಈ ಕರಡು ಹೋಗಿದ್ದರೆ ಎದುರು ವಕೀಲರು ಆ ಪಾವತಿಯ ದಾಖಲೆ ಹಚ್ಚಿ, 'ಬಂದ ಹಣ ಮುಚ್ಚಿಟ್ಟಿದ್ದಾರೆ, ಲೆಕ್ಕವೇ ನಂಬೋ ಹಾಗಿಲ್ಲ' ಅಂತ ಉತ್ತರ ಕೊಡುತ್ತಿದ್ದರು. ನಿಜವಾದ ಬಾಕಿ 79,200 ರೂಪಾಯಿ. ಅದಕ್ಕೇ ನೋಟಿಸ್ ಬರೆಯೋ ಮೊದಲು ಅಂಗಡಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯವರ ಫೋನ್ ಮೂರನ್ನೂ ತಾಳೆ ನೋಡಬೇಕು.

ತಿದ್ದಿದ ಕರಡು

*ದಿನಾಂಕ: 05-01-2026*

*ವಿಷಯ: ಸರಕಿನ ಬಾಕಿ ರೂ. 79,200 ಪಾವತಿಸುವ ಬಗ್ಗೆ ನೋಟಿಸ್.*

*1. ನಾನು ಸಿಮೆಂಟ್ ಮತ್ತು ಕಬ್ಬಿಣದ ವ್ಯಾಪಾರಿ. ನಿಮ್ಮ ಬೇಡಿಕೆಯಂತೆ 10-06-2024ರಂದು ರೂ. 46,800 ಬೆಲೆಯ ಸಿಮೆಂಟ್ ಹಾಗೂ 28-06-2024ರಂದು ರೂ. 62,400 ಬೆಲೆಯ ಕಬ್ಬಿಣವನ್ನು ನಿಮ್ಮ ಕಾಮಗಾರಿ ಸ್ಥಳಕ್ಕೆ ತಲುಪಿಸಿದ್ದೇನೆ. ಮೊದಲನೆಯ ಸರಕನ್ನು ನೀವೇ, ಎರಡನೆಯದನ್ನು ನಿಮ್ಮ ಮೇಸ್ತ್ರಿ ಸಹಿ ಮಾಡಿ ಪಡೆದಿದ್ದೀರಿ.*

*2. 20-08-2024ರಂದು ನೀವು ರೂ. 30,000 ಪಾವತಿಸಿದ್ದೀರಿ. ಅದನ್ನು ಕಳೆದು ರೂ. 79,200 ಬಾಕಿ ಇದೆ.*

*3. ಬಾಕಿ ಕೇಳಿದಾಗ 15-10-2024ರಂದು, ಇನ್ನೊಂದು ಕೆಲಸದ ಹಣ ಬಂದ ಮೇಲೆ ಕೊಡುವುದಾಗಿ ವಾಟ್ಸ್ಆ್ಯಪ್ ಮೂಲಕ ತಿಳಿಸಿದ್ದೀರಿ. ಇದುವರೆಗೆ ಪಾವತಿಸಿಲ್ಲ.*

*4. ಈ ನೋಟಿಸ್ ತಲುಪಿದ 15 ದಿನಗಳೊಳಗೆ ರೂ. 79,200ನ್ನು ಪಾವತಿಸಬೇಕು. ತಪ್ಪಿದಲ್ಲಿ ಸದರಿ ಮೊತ್ತ, ಈ ನೋಟಿಸಿನ ದಿನಾಂಕದಿಂದ ಶೇ. 6 ವಾರ್ಷಿಕ ಬಡ್ಡಿ ಹಾಗೂ ಖರ್ಚಿನ ವಸೂಲಿಗೆ ಸಿವಿಲ್ ದಾವೆ ಹೂಡುತ್ತೇನೆ.*

ಇಷ್ಟೇ. ಪ್ರತಿ ಸಾಲಿನ ಹಿಂದೆ ತೋರಿಸೋಕೆ ಒಂದು ಕಾಗದ ಅಥವಾ ಫೋನ್ ದಾಖಲೆ ಇದೆ. ಮೇಸ್ತ್ರಿ ಸಹಿ ಮಾಡಿದ್ದನ್ನ ಇದ್ದ ಹಾಗೇ ಬರೆದಿದ್ದು ಬೇಕಂತಲೇ. 'ನೀವೇ ಸಹಿ ಮಾಡಿದ್ದೀರಿ' ಅಂದುಬಿಟ್ಟರೆ, 'ಅದು ನನ್ನ ಸಹಿ ಅಲ್ಲ' ಅಂತ ಹೇಳೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ವಾಟ್ಸ್ಆ್ಯಪ್ ಮೆಸೇಜ್ ಇರೋ ಫೋನನ್ನ ಹುಷಾರಾಗಿ ಇಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ಇದೆಯಲ್ಲ ಅಂತ ಮೂಲ ಮೆಸೇಜ್ ಅಳಿಸಬೇಡಿ.

ಬಡ್ಡಿ ಯಾಕೆ ಇಳೀತು?

ಶೇ. 24 ಕೊಡ್ತೀನಿ ಅಂತ ಕಂಟ್ರಾಕ್ಟರ್ ಎಲ್ಲೂ ಒಪ್ಪಿಲ್ಲ. ಒಪ್ಪಂದ ಇಲ್ಲದ ಇಂಥ ಬಾಕಿಗೆ, ಬಡ್ಡಿ ಕೇಳುತ್ತೇನೆ ಅಂತ ಬರೆದು ತಿಳಿಸಿದರೆ, ಆ ನೋಟಿಸಿನಲ್ಲಿ ಹೇಳಿದ ದಿನದಿಂದ ದಾವೆ ಹೂಡುವ ದಿನದವರೆಗೆ ನ್ಯಾಯಾಲಯ ಬಡ್ಡಿ ಕೊಡಬಹುದು ಅನ್ನುತ್ತೆ 1978ರ ಬಡ್ಡಿ ಕಾಯ್ದೆಯ 3ನೇ ಕಲಂ. ದರವೂ ಬ್ಯಾಂಕ್ ಠೇವಣಿ ದರದ ಮಿತಿಯಲ್ಲೇ ಇರಬೇಕು. ಹಾಗಾಗಿ ಬಡ್ಡಿಯ ಆ ಒಂದು ಸಾಲು ನೋಟಿಸಿನಲ್ಲಿ ಇರಲೇಬೇಕು.

'ಕೂಡಲೇ' ಅಂದ್ರೆ ಯಾವಾಗ?

ಉದ್ರಿ ಬಾಕಿಯ ನೋಟಿಸಿಗೆ ಇಷ್ಟೇ ದಿನ ಕೊಡಬೇಕು ಅಂತ ಕಾನೂನು ಗೆರೆ ಎಳೆದಿಲ್ಲ. ನೋಟಿಸ್ ಕೊಡದೇ ಸೀದಾ ದಾವೆ ಹೂಡೋಕೂ ಅಡ್ಡಿ ಇಲ್ಲ. ಆದರೂ 15 ದಿನ ಅಂತ ಬರೆದರೆ ಲೆಕ್ಕ ಸ್ಪಷ್ಟ: ಜನವರಿ 9ಕ್ಕೆ ತಲುಪಿದರೆ 24ಕ್ಕೆ ಗಡುವು ಮುಗೀತು.

ಎರಡು ಕಡೆ ಮಾತ್ರ ಈ ಸಡಿಲಿಕೆ ಇಲ್ಲ. ಬಾಕಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಲೇಬೇಕು. ಅದು ತಲುಪಿದ ಮೇಲೆ ಹಣ ಕೊಡೋಕೆ 15 ದಿನ, ಆಮೇಲೆ ದೂರು ಹಾಕೋಕೆ ಒಂದು ತಿಂಗಳು. ಸರ್ಕಾರದ ವಿರುದ್ಧ ದಾವೆ ಆದರೆ ಸಾಮಾನ್ಯವಾಗಿ ಎರಡು ತಿಂಗಳ ಮುಂಚಿತ ನೋಟಿಸ್ ಬೇಕು.

ನೋಟಿಸ್ ಕೊಟ್ಟರೆ ಗಡಿಯಾರ ನಿಲ್ಲಲ್ಲ

ಅತಿ ಹೆಚ್ಚು ಜನ ಏಟು ತಿನ್ನೋದು ಇಲ್ಲೇ. ಗಡುವು ಹೇಳದೇ ಕೊಟ್ಟ ಮಾಲಿನ ಹಣಕ್ಕೆ, ಮಾಲು ತಲುಪಿಸಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ನಮ್ಮ ಉದಾಹರಣೆಯಲ್ಲಿ ಸಿಮೆಂಟಿನ ಬಿಲ್ಲಿಗೆ ಕೊನೇ ದಿನ 2027ರ ಜೂನ್ 10. ನೋಟಿಸ್ ಮೇಲೆ ನೋಟಿಸ್ ಕಳಿಸಿದರೂ ಈ ದಿನ ಮುಂದಕ್ಕೆ ಹೋಗಲ್ಲ. ಅವಧಿಯೊಳಗೆ ಕಂಟ್ರಾಕ್ಟರ್ ಬಾಕಿ ಒಪ್ಪಿ ಬರೆದು ಸಹಿ ಮಾಡಿಕೊಟ್ಟರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತೆ. 'ಕೊಡ್ತೀನಣ್ಣ' ಅನ್ನೋ ಬಾಯಿ ಮಾತಿಗೆ ಸಿಗಲ್ಲ. ವಾಟ್ಸ್ಆ್ಯಪ್ ಮೆಸೇಜ್ ಇದೆ ಅಂತ ನೆಚ್ಚಿಕೊಂಡು ಕೂರೋದೂ ಅಪಾಯ. ಹಳೇ ಬಿಲ್ಲಿನ ತಾರೀಕು ಹಿಡಿದೇ ಲೆಕ್ಕ ಹಾಕಿ.

ಕಳಿಸೋದು ಹೇಗೆ?

ನೋಟಿಸನ್ನ ವಕೀಲರ ಮೂಲಕವೇ ಕಳಿಸಬೇಕು ಅಂತಿಲ್ಲ, ಸ್ವತಃ ಸಹಿ ಮಾಡಿ ಕಳಿಸಬಹುದು. ಆದರೂ ಮುಂದೆ ದಾವೆ ನಡೆಸೋ ವಕೀಲರಿಗೆ ಮೊದಲೇ ಒಮ್ಮೆ ತೋರಿಸಿ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆ. ಹಾಗಾಗಿ ಕೌಂಟರಿನಲ್ಲಿ ಸ್ಪೀಡ್ ಪೋಸ್ಟಿಗೆ ನೋಂದಣಿ ಸೌಲಭ್ಯವನ್ನೂ, ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ ಪಡೆಯಿರಿ. ನೋಟಿಸಿನ ಸಹಿ ಮಾಡಿದ ಒಂದು ಪ್ರತಿ ಮತ್ತು ಅಂಚೆ ರಸೀದಿ ಕಡತದಲ್ಲಿರಲಿ.

ಕಂಟ್ರಾಕ್ಟರ್ ತಗೊಳ್ಳದೇ 'ನಿರಾಕರಿಸಿದ್ದಾರೆ' ಅನ್ನೋ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಬೇಜಾರಾಗಬೇಡಿ. ವಿಳಾಸ ಸರಿಯಿದ್ದರೆ ನೋಟಿಸ್ ತಲುಪಿದೆ ಅಂತ ನ್ಯಾಯಾಲಯ ಭಾವಿಸಬಹುದು. ಆ ಲಕೋಟೆಯನ್ನ ಒಡೆಯದೇ ಹಾಗೇ ತೆಗೆದಿಡಿ. ಗಡುವಿನೊಳಗೆ ಉತ್ತರ ಬಂದರೆ ಮೊದಲು ನೋಡಬೇಕಾದ್ದು ಒಂದೇ: ಮಾಲು ಬಂದಿಲ್ಲ ಅಂತಿದ್ದಾರಾ, ಲೆಕ್ಕ ತಪ್ಪು ಅಂತಿದ್ದಾರಾ, ಇಲ್ಲಾ ಬರೀ ಟೈಮ್ ಕೇಳ್ತಿದ್ದಾರಾ? ಬರೀ ಟೈಮ್ ಕೇಳಿ ಸಹಿ ಮಾಡಿದ್ದರೆ, ಆ ಕಾಗದವನ್ನ ಬಿಲ್ಲುಗಳ ಜೊತೆಗೇ ಜೋಪಾನವಾಗಿಡಿ.