ಫ್ಲೈಟ್ ಟಿಕೆಟ್ ಜೊತೆ ಬರುವ 229 ರೂಪಾಯಿ ಇನ್ಶೂರೆನ್ಸ್: ಟಿಕ್ ಮಾಡ್ಬೇಕಾ, ಬಿಡ್ಬೇಕಾ?

ಮೊಬೈಲ್‌ನಲ್ಲಿ ವಿಮಾನದ ಟಿಕೆಟ್ ಬುಕ್ ಮಾಡುವಾಗ ಹೆಸರು, ಸೀಟು ಎಲ್ಲ ಹಾಕಿ ಇನ್ನೇನು ಹಣ ಕಟ್ಟಬೇಕು ಅನ್ನುವಷ್ಟರಲ್ಲಿ ಒಂದು ಪೆಟ್ಟಿಗೆ ಎದುರಾಗುತ್ತದೆ. 'ನಿಮ್ಮ ಪ್ರಯಾಣಕ್ಕೆ ರಕ್ಷಣೆ, ಒಬ್ಬರಿಗೆ ಇಷ್ಟೇ ರೂಪಾಯಿ'. ಕೆಳಗೆ ಫ್ಲೈಟ್ ತಪ್ಪಿದರೆ ಇಷ್ಟು, ಆರೋಗ್ಯ ಕೆಟ್ಟರೆ ಇಷ್ಟು, ಬ್ಯಾಗ್ ಕಳೆದರೆ ಇಷ್ಟು ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಇನ್ನೂರು ರೂಪಾಯಿ ತಾನೇ, ಇರಲಿ ಬಿಡಿ ಅಂತ ಬಹಳ ಜನ ಒತ್ತಿಬಿಡ್ತಾರೆ. ರೈಲು ಟಿಕೆಟ್‌ನಲ್ಲಿ 45 ಪೈಸೆಗೆ ಬರುವ ಇನ್ಶೂರೆನ್ಸ್ ಒತ್ತಿ ಅಭ್ಯಾಸ ಆಗಿದೆಯಲ್ಲ. ಆದರೆ ಅದು ಅಪಘಾತಕ್ಕೆ ಮಾತ್ರ ಇರೋದು. ರೈಲು ತಪ್ಪಿಸಿಕೊಂಡವರಿಗೆ ಅದರಿಂದ ಒಂದು ಪೈಸೆಯೂ ಇಲ್ಲ. ವಿಮಾನದ್ದು ಬೇರೆ ಲೆಕ್ಕ, ಅದರ ಷರತ್ತುಗಳೂ ಬೇರೆ.

ಹಾಸನ, ಸಕಲೇಶಪುರ ಕಡೆಯವರಿಗೆ ಫ್ಲೈಟ್ ತಪ್ಪುವ ಭಯ ಸುಮ್ಮನೆ ಹುಟ್ಟಿದ್ದಲ್ಲ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಇಲ್ಲಿಂದ ಇನ್ನೂರು ಕಿಲೋಮೀಟರ್ ಮೇಲಾಗುತ್ತೆ, ನಡುವೆ ಕುಣಿಗಲ್ ದಾಟಿ ನೆಲಮಂಗಲದ ಹತ್ತಿರ ಗಾಡಿ ನಿಂತರೆ ನಿಂತಿತೇ. ಮಂಗಳೂರಿನ ಬಜ್ಪೆಗೆ ಹೋಗೋಣ ಅಂದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬೋ ಹಾಗಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ನೆನಪಿರಬಹುದು. ಇಷ್ಟು ದೂರದಿಂದ ಹೋಗುವವರಿಗೆ ಗಡಿಯಾರವೂ ಕರುಣೆ ತೋರಿಸಲ್ಲ. ದೇಶದೊಳಗಿನ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತೆ, ಗೇಟ್ 25 ನಿಮಿಷ ಮುಂಚೆ. ಆಮೇಲೆ ವಿಮಾನ ಕಣ್ಣೆದುರೇ ನಿಂತಿದ್ದರೂ ಒಳಗೆ ಬಿಡಲ್ಲ.

ಹಾಗಾದರೆ ಇನ್ಶೂರೆನ್ಸ್ ದುಡ್ಡು ಕೊಡುತ್ತಾ? ಪೆಟ್ಟಿಗೆಯಲ್ಲಿ 'Missed Flight' ಅಂತ ಇರುತ್ತೆ, ನಿಜ. ಆದರೆ ಅದರ ಜೊತೆ ಇರುವ ಲಿಂಕ್ ಒತ್ತಿ ಷರತ್ತು ತೆರೆದರೆ, ಯಾವ್ಯಾವ ಕಾರಣಕ್ಕೆ ತಪ್ಪಿದರೆ ಕೊಡ್ತೀವಿ ಅಂತ ಒಂದು ಪಟ್ಟಿ ಸಿಗುತ್ತೆ. ಒಂದು ಪಾಲಿಸಿಯಂತೆ ಇನ್ನೊಂದು ಇರಲ್ಲ. ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಸಿಗುವುದು ನಿಲ್ದಾಣಕ್ಕೆ ಹೋಗುವಾಗ ನೀವಿದ್ದ ಗಾಡಿಗೆ ಅಪಘಾತ ಆಗಿರುವುದು, ಪ್ರಕೃತಿ ವಿಕೋಪದಿಂದ ರಸ್ತೆ ಬಂದ್ ಆಗಿರುವುದು, ದಿಢೀರ್ ಆಸ್ಪತ್ರೆ ಸೇರಿರುವುದು ಇಂಥವು. ಟ್ರಾಫಿಕ್ ಜಾಮ್, ಬಸ್ ಲೇಟು, ಡ್ರೈವರ್ ಬರಲಿಲ್ಲ, ಅಲಾರಂ ಹೊಡೀಲಿಲ್ಲ ಅನ್ನೋವು ಹೆಚ್ಚಿನ ಪಾಲಿಸಿಗಳಲ್ಲಿ ಇರಲ್ಲ. ನಮ್ಮ ಕಡೆಯವರಿಗೆ ಫ್ಲೈಟ್ ತಪ್ಪೋದು ಬಹುತೇಕ ಇವುಗಳಿಂದಲೇ! 'Missed Connection' ಅಂತ ಇನ್ನೊಂದು ಸಾಲು ಇದ್ದರೆ ಅದು ಒಂದು ವಿಮಾನ ತಡವಾಗಿ ಮುಂದಿನ ವಿಮಾನ ತಪ್ಪಿದವರಿಗೆ. ಹಾಸನದಿಂದ ಹತ್ತಿದ ಬಸ್ಸು ಲೆಕ್ಕಕ್ಕೆ ಬರೋದು ಕಷ್ಟ.

ಒಂದು ಉದಾಹರಣೆ ನೋಡೋಣ. ಊರಿನ ಬಟ್ಟೆ ಅಂಗಡಿಯವರೊಬ್ಬರು ದಸರಾ ಮುಂಚೆ ಮಾಲು ತರೋಕೆ ಬೆಂಗಳೂರಿನಿಂದ ಸೂರತ್‌ಗೆ ಟಿಕೆಟ್ ಮಾಡಿದ್ದಾರೆ ಅಂದುಕೊಳ್ಳಿ. ಟಿಕೆಟ್ 5,600 ರೂಪಾಯಿ. ಇದರಲ್ಲಿ ವಿಮಾನ ಕಂಪನಿಯ ದರ 4,600, ಉಳಿದ 1,000 ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ. ಇನ್ಶೂರೆನ್ಸ್ 229. ಲೆಕ್ಕ ಅರ್ಥ ಆಗಲಿ ಅಂತ ಈ ಅಂಕಿಗಳನ್ನು ಹಾಕಿದ್ದೇವೆ, ನಿಮ್ಮ ಟಿಕೆಟ್‌ನಲ್ಲಿ ಬೇರೆ ಇರುತ್ತೆ. ನೆಲಮಂಗಲದಲ್ಲಿ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡು ಇವರು ಕೌಂಟರ್ ಮುಚ್ಚಿದ ಮೇಲೆ ತಲುಪುತ್ತಾರೆ. ಕ್ಲೇಮ್ ಹಾಕಿದರೆ ಕಂಪನಿ ಕೇಳೋದು ಕಾರಣಕ್ಕೆ ದಾಖಲೆ. ಜಾಮ್‌ಗೆ ಯಾರು ಸರ್ಟಿಫಿಕೇಟ್ ಕೊಡ್ತಾರೆ? ಅದೇ ಇವರ ಕಾರಿಗೇ ಹಿಂದಿನಿಂದ ಲಾರಿ ಗುದ್ದಿ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿದ್ದರೆ ಮಾತು ಬೇರೆ. ಆ ದೂರಿನ ಪ್ರತಿ, ಜೊತೆಗೆ ವಿಮಾನ ಕಂಪನಿಯಿಂದ ನೀವು ಹತ್ತಲಿಲ್ಲ ಅನ್ನೋ ನೋ-ಶೋ ಪತ್ರ ಇದ್ದರೆ ಕ್ಲೇಮ್ ಮುಂದಕ್ಕೆ ಹೋಗುತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಇನ್ಶೂರೆನ್ಸ್ ಇಲ್ಲದಿದ್ದರೂ, ಫ್ಲೈಟ್ ನಿಮ್ಮ ತಪ್ಪಿನಿಂದಲೇ ಹೋಗಿದ್ದರೂ, ಆ ತೆರಿಗೆ ಮತ್ತು ನಿಲ್ದಾಣ ಶುಲ್ಕದ ಭಾಗವನ್ನು ಕಂಪನಿ ವಾಪಸ್ ಕೊಡಬೇಕು. ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನಿಯಮ. ರಿಫಂಡ್ ಇಲ್ಲ ಅಂತ ಬರೆದಿರುವ ಆಫರ್ ಟಿಕೆಟ್‌ಗೂ ಇದು ಅನ್ವಯ. ತಾನಾಗಿ ಬರದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಅಥವಾ ಬುಕ್ ಮಾಡಿದ ಕಡೆ ಕೇಳಿ ಪಡೆಯಬೇಕು. ಹಾಗಾಗಿ ನಮ್ಮ ಅಂಗಡಿಯವರ ನಿಜವಾದ ನಷ್ಟ 5,600 ಅಲ್ಲ, 4,600. ಇನ್ಶೂರೆನ್ಸ್ ಕೊಟ್ಟರೂ ಹೆಚ್ಚೆಂದರೆ ಇಷ್ಟನ್ನೇ ಕೊಡೋದು, ಪೆಟ್ಟಿಗೆಯಲ್ಲಿ ಇಪ್ಪತ್ತು ಸಾವಿರ ಅಂತ ಬರೆದಿದ್ದರೂ ಅಷ್ಟೇ.

ಈಗ 4,600ನ್ನು 229ರಿಂದ ಭಾಗಿಸಿ. ಇಪ್ಪತ್ತು ಬರುತ್ತೆ. ಅಂದರೆ ಇಪ್ಪತ್ತು ಸಲ ವಿಮಾನ ಹತ್ತಿದರೆ ಒಂದು ಸಲವಾದರೂ ಪಟ್ಟಿಯಲ್ಲಿರುವ ಕಾರಣಕ್ಕೇ ತಪ್ಪಿ, ಅದಕ್ಕೆ ಕಾಗದವೂ ಸಿಕ್ಕರೆ ಕಟ್ಟಿದ ದುಡ್ಡು ಸರಿಹೋಯ್ತು. ಅಷ್ಟು ಸಲ ಅಪಘಾತ, ಆಸ್ಪತ್ರೆ ಯಾರಿಗೂ ಬರೋದು ಬೇಡ. ಬರೀ ಫ್ಲೈಟ್ ತಪ್ಪುವ ಭಯಕ್ಕೆ ಇದನ್ನು ಕೊಳ್ಳೋದು ನಮ್ಮ ಪ್ರಕಾರ ದಂಡ. ಅದೇ ದುಡ್ಡಲ್ಲಿ ಒಂದು ಮುಂಚಿನ ಬಸ್ಸು ಹಿಡಿದು ನಿಲ್ದಾಣದಲ್ಲಿ ಕೂತು ಕಾಫಿ ಕುಡಿಯಬಹುದು. ಕಾಫಿ ದುಬಾರಿ ಅನ್ನೋದು ಬೇರೆ ವಿಷಯ.

ಕಾಯಿಲೆಯ ಕಡೆಗೆ ಬರೋಣ, ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಬೇಕು. 'ಅನಾರೋಗ್ಯದಿಂದ ಪ್ರಯಾಣ ರದ್ದಾದರೆ' ಅಂತ ಓದಿದಾಗ ನಮಗೆ ಜ್ವರ ನೆನಪಾಗುತ್ತೆ. ಪಾಲಿಸಿ ಬರೆದವರ ತಲೆಯಲ್ಲಿ ಇರೋದು ಆಸ್ಪತ್ರೆ ಹಾಸಿಗೆ. ಹೆಚ್ಚಿನವುಗಳಲ್ಲಿ ಕನಿಷ್ಠ 24 ಗಂಟೆ ಅಡ್ಮಿಟ್ ಆಗಿರಬೇಕು ಅನ್ನುವ ಷರತ್ತು ಇರುತ್ತೆ, ಜೊತೆಗೆ ಈ ಸ್ಥಿತಿಯಲ್ಲಿ ಪ್ರಯಾಣ ಮಾಡಬಾರದು ಅಂತ ಡಾಕ್ಟರ್ ಬರೆದುಕೊಡಬೇಕು. ವೈರಲ್ ಜ್ವರ ಬಂದು ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಿಗ್ಗೆ ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಬಂದರೆ ಅದು ಲೆಕ್ಕಕ್ಕಿಲ್ಲ. ಡೆಂಗಿ ಅಂತ ಎರಡು ದಿನ ಮಲಗಿದ್ದರೆ ಲೆಕ್ಕಕ್ಕೆ ಬರುತ್ತೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೇರಿದ ಮತ್ತು ಬಿಟ್ಟ ದಿನದ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ, ಆ 24 ಗಂಟೆ ತೋರಿಸೋಕೆ ಅದೇ ಆಧಾರ.

ಮೊದಲಿನಿಂದಲೇ ಇರುವ ಕಾಯಿಲೆಯನ್ನು ಈ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಹತ್ತು ವರ್ಷದಿಂದ ಶುಗರ್, ಬಿಪಿ ಮಾತ್ರೆ ತಗೊಳ್ತಿರುವ ಅಪ್ಪನ ಟಿಕೆಟ್‌ಗೆ, 'ವಯಸ್ಸಾದವರು, ಇರಲಿ' ಅಂತ ಇನ್ಶೂರೆನ್ಸ್ ಹಾಕಿಸುತ್ತೀವಿ. ಅದೇ ಶುಗರ್ ಏರಿ ಆಸ್ಪತ್ರೆ ಸೇರಿದರೆ ಆ ಕಾರಣಕ್ಕೇ ಕ್ಲೇಮ್ ತಿರಸ್ಕಾರ ಆಗಬಹುದು. ಯಾರಿಗೆ ಬೇಕು ಅಂತ ಕೊಂಡೆವೋ ಅವರಿಗೇ ಸಿಗದ ಹಾಗಾಗುತ್ತೆ. ಮನೆಯವರು ಅಂದರೆ ಯಾರು ಅನ್ನೋದೂ ಅಲ್ಲೇ ಬರೆದಿರುತ್ತೆ. ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ಇರುತ್ತಾರೆ. ಅತ್ತೆ ಮಾವ, ಅಣ್ಣ ತಮ್ಮ ಕೆಲವು ಪಾಲಿಸಿಗಳಲ್ಲಿ ಇರಲ್ಲ.

ಅದೇ ಪುಟದಲ್ಲಿ 'Free Cancellation' ಅಥವಾ 'Zero Cancellation' ಅಂತ ಇನ್ನೊಂದು ಪೆಟ್ಟಿಗೆ ಇರುತ್ತೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಇದಕ್ಕೆ ಇನ್ಶೂರೆನ್ಸ್‌ಗಿಂತ ಜಾಸ್ತಿ ದುಡ್ಡು, ಆದರೆ ಸಾಮಾನ್ಯವಾಗಿ ಕಾರಣ ಕೇಳಲ್ಲ, ಡಾಕ್ಟರ್ ಚೀಟಿ ಬೇಡ. ಹೇಳಿದ ಗಡುವಿನೊಳಗೆ ನೀವೇ ಆ್ಯಪ್‌ನಲ್ಲಿ ರದ್ದು ಮಾಡಬೇಕು ಅಷ್ಟೇ. ಮಗುವಿಗೆ ಹಿಂದಿನ ದಿನ ಜ್ವರ ಬಂತು, ಹೋಗೋದು ಬೇಡ ಅನ್ನುವಂಥ ಸಂದರ್ಭಕ್ಕೆ ಇದೇ ಉಪಯೋಗ. ಗಡುವು ಹಾರಾಟಕ್ಕೆ 24 ಗಂಟೆ ಮುಂಚೆಯೋ, ಕೆಲವೇ ಗಂಟೆ ಮುಂಚೆಯೋ ನೋಡಿಕೊಳ್ಳಿ, ಎಷ್ಟು ರೂಪಾಯಿವರೆಗೆ ವಾಪಸ್ ಅನ್ನೋದನ್ನೂ ನೋಡಿ. ಫ್ಲೈಟ್ ತಪ್ಪಿದ ಮೇಲೆ ಇದರಿಂದ ಏನೂ ಸಿಗಲ್ಲ.

ವಿಮಾನವೇ ರದ್ದಾದರೆ ಅಥವಾ ಆರು ಗಂಟೆಗಿಂತ ತಡ ಅಂತಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ಕೊಡಬೇಕಾದ್ದು ಕಂಪನಿಯೇ. ಅದಕ್ಕಾಗಿ ಇನ್ಶೂರೆನ್ಸ್ ಬೇಕಿಲ್ಲ.

ತಗೋಬೇಕಾ ಬೇಡವಾ ಅಂತ ಐದು ನಿಮಿಷದಲ್ಲಿ ತಿಳಿಯೋಕೆ ಒಂದು ದಾರಿ ಇದೆ. ಪೆಟ್ಟಿಗೆಯ ಕೆಳಗಿರುವ ಷರತ್ತಿನ ಪಿಡಿಎಫ್ ತೆರೆದು ಅದರೊಳಗೆ 24 hours, pre-existing, missed ಈ ಮೂರನ್ನು ಹುಡುಕಿ. ಆ ಮೂರು ಸಾಲು ಓದಿದ ಮೇಲೆ ನಿಮ್ಮ ಮನೆಯ ಪರಿಸ್ಥಿತಿಗೆ ಹೊಂದುತ್ತೆ ಅನ್ನಿಸಿದರೆ ತಗೊಳ್ಳಿ. ಆರು ಜನರ ಕುಟುಂಬ, ಐವತ್ತು ಸಾವಿರದ ಟಿಕೆಟ್, ಎಲ್ಲರೂ ಗಟ್ಟಿಮುಟ್ಟು, ಹೊರಡೋಕೆ ಇನ್ನೂ ಮೂರು ತಿಂಗಳು ಇದೆ ಅಂದರೆ ಅರ್ಥ ಇದೆ. ವಿದೇಶಕ್ಕೆ ಹೋಗೋರು ಇನ್ಶೂರೆನ್ಸ್ ಮಾಡಿಸಲೇಬೇಕು, ಆದರೆ ಅಲ್ಲಿನ ಆಸ್ಪತ್ರೆ ಖರ್ಚಿಗೆ ಸಾಕಾಗುವ ಬೇರೆ ಪಾಲಿಸಿ ನೋಡಿ ತಗೊಳ್ಳೋದು ವಾಸಿ.

ಬೇಡ ಅಂದವರನ್ನು ಹೆದರಿಸುವ ಚಾಳಿಯೂ ಇದೆ. 'ನಾನು ರಕ್ಷಣೆ ಇಲ್ಲದೆ ಹೋಗ್ತೀನಿ' ಅನ್ನೋ ಗುಂಡಿ ಒತ್ತಿ ಅಂತಾರೆ, ಇಲ್ಲ ಅಂದರೆ ನಿಮ್ಮನ್ನು ಕೇಳದೆ ಟಿಕ್ ಹಾಕಿಟ್ಟಿರುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇವೆರಡೂ ನಿಷಿದ್ಧ. ಹಣ ಕಟ್ಟುವ ಮುಂಚೆ ಒಟ್ಟು ಮೊತ್ತದ ವಿವರ ತೆರೆದು ನೋಡಿ. ಕೇಳದೆ ಸೇರಿಸಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಸೈಬರ್ ಸೆಂಟರ್‌ನಲ್ಲಿ ಟಿಕೆಟ್ ಮಾಡಿಸುವವರು ಬಿಲ್‌ನಲ್ಲಿ ಇನ್ಶೂರೆನ್ಸ್ ಇದೆಯಾ ಅಂತ ಕೇಳಿ. ಅಲ್ಲಿ ಹೆಚ್ಚಾಗಿ ಅಂಗಡಿಯವರ ಇಮೇಲ್ ಹಾಕುವುದರಿಂದ ಪಾಲಿಸಿ ಸರ್ಟಿಫಿಕೇಟ್ ಅವರಿಗೇ ಹೋಗುತ್ತೆ, ನಿಮಗೆ ಪಾಲಿಸಿ ಇದೆ ಅನ್ನೋದೇ ಗೊತ್ತಿರಲ್ಲ. ನಿಮ್ಮ ಸ್ವಂತ ಇಮೇಲ್ ಹಾಕಿಸಿ. ಕ್ಲೇಮ್ ಹಾಕುವುದು ಟಿಕೆಟ್ ಆ್ಯಪ್‌ಗೆ ಅಲ್ಲ, ಆ ಸರ್ಟಿಫಿಕೇಟ್‌ನಲ್ಲಿರುವ ಇನ್ಶೂರೆನ್ಸ್ ಕಂಪನಿಗೆ. ಅವರು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಅದೇ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ.