ಹತ್ತು ಗಂಟೆಯ ಮೀಟಿಂಗ್‌ಗೆ ಮುಂಚೆ ಒಂದು ಇಮೇಲ್

ಆನ್‌ಲೈನ್ ಮೀಟಿಂಗ್‌ಗೆ ಒಬ್ಬಿಬ್ಬರು ದಿನವೂ ತಡವಾಗಿ ಬರುತ್ತಾರೆ, ಇನ್ಯಾರದೋ ಮನೆಯ ಕುಕ್ಕರ್ ಸೀಟಿ ಎಲ್ಲರಿಗೂ ಕೇಳಿಸುತ್ತದೆ. ಬೇಸತ್ತ ಟೀಮ್ ಲೀಡ್ ಬರೆಯುವ ಮೊದಲ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಎಲ್ಲರೂ ಕಡ್ಡಾಯವಾಗಿ ಸಮಯಕ್ಕೆ ಹಾಜರಿರತಕ್ಕದ್ದು.’ ಇದು ಸುತ್ತೋಲೆಯ ಭಾಷೆ. ಹೊತ್ತಿಗೆ ಸರಿಯಾಗಿ ಬರುವವರಿಗೆ ಸುಮ್ಮನೆ ಬೈಸಿಕೊಂಡಂತೆ ಆಗುತ್ತದೆ. ತಡ ಮಾಡುವವರು ಇದು ತಮಗಲ್ಲ ಅಂದುಕೊಳ್ಳುತ್ತಾರೆ.

ಬೆಂಗಳೂರಿನ ಕಚೇರಿಯಲ್ಲಿ ಐವರು, ಶಿರಸಿ ಮತ್ತು ಹುಬ್ಬಳ್ಳಿಯ ಮನೆಗಳಲ್ಲಿ ಮೂವರು ಇರುವ ತಂಡ ಎಂದಿಟ್ಟುಕೊಳ್ಳಿ. ತಡವಾಗುವುದೇಕೆ ಎಂದು ವಿಚಾರಿಸಿದರೆ, ಹಿಂದಿನ ಮೀಟಿಂಗ್ ಮುಗಿಯುವುದೇ ಹತ್ತಕ್ಕೆ ಎಂದು ತಿಳಿಯುತ್ತದೆ. ಹಾಗಾಗಿ ಇಮೇಲ್ ಲೀಡ್‌ನ ಮಾತಿನಿಂದಲೇ ಶುರುವಾಗಲಿ: ‘9.30ರ ಮೀಟಿಂಗನ್ನು ನಾನು 9.55ಕ್ಕೇ ಮುಗಿಸುತ್ತೇನೆ. 10ಕ್ಕೆ ಸರಿಯಾಗಿ ವಿಷಯಕ್ಕೆ ಬರೋಣ. ತಡವಾಗುವ ಹಾಗಿದ್ದರೆ ಗ್ರೂಪ್‌ಗೆ ಒಂದು ಸಾಲು ಹಾಕಿ. ಆಮೇಲೆ ಬಂದು ಸೇರಿಕೊಳ್ಳಿ, ಕಾರಣ ಹೇಳಬೇಕಾಗಿಲ್ಲ.’ ಗೂಗಲ್ ಕ್ಯಾಲೆಂಡರ್‌ನಲ್ಲಿ Speedy meetings ಆಯ್ಕೆ ಹಾಕಿಕೊಂಡರೆ ಅರ್ಧ ಗಂಟೆಯ ಮೀಟಿಂಗ್ ತಾನಾಗಿ 25 ನಿಮಿಷದ್ದಾಗುತ್ತದೆ.

ಕ್ಯಾಮೆರಾ ವಿಷಯದಲ್ಲಿ ಮನಸ್ತಾಪ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದ ಲೇಖನವೊಂದರಲ್ಲಿ ವಿಡಿಯೋ ಕಾಲ್‌ಗಳು ದಣಿಸುವುದಕ್ಕೆ ನಾಲ್ಕು ಕಾರಣ ಕೊಟ್ಟರು. ತನ್ನ ಮುಖವನ್ನು ತಾನೇ ನೋಡುತ್ತಾ ಕೂರಬೇಕಾಗುವುದು ಅವುಗಳಲ್ಲೊಂದು. ಮನೆಯಲ್ಲಿ ಬೇರೆ ಕೋಣೆ ಇಲ್ಲದವರಿಗೆ, ನೆಟ್‌ವರ್ಕ್ ಆಗಾಗ ಕೈಕೊಡುವ ಊರಿನವರಿಗೆ ‘ಕ್ಯಾಮೆರಾ ಕಡ್ಡಾಯ’ ಎಂಬುದು ದಿನದಿನದ ಮುಜುಗರ. ಯಾವಾಗ ಬೇಕು ಎಂದಷ್ಟೇ ಹೇಳುವುದು ಒಳ್ಳೆಯದು: ‘ಹೊಸಬರು ಸೇರಿದ ದಿನ ಮತ್ತು ಸೋಮವಾರದ ಮೊದಲ ಐದು ನಿಮಿಷ ಮುಖ ನೋಡಿ ಮಾತಾಡೋಣ. ಉಳಿದಂತೆ ನಿಮ್ಮಿಷ್ಟ. ಆಫ್ ಮಾಡಿದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ.’ ತನ್ನ ಚಿತ್ರ ತನಗೇ ಕಾಣದಂತೆ ಮರೆಮಾಡುವ ಸೌಲಭ್ಯ ಜೂಮ್‌ನಲ್ಲೂ ಗೂಗಲ್ ಮೀಟ್‌ನಲ್ಲೂ ಇದೆ. ಅದನ್ನೂ ಒಂದು ಸಾಲಿನಲ್ಲಿ ತಿಳಿಸಬಹುದು.

ಮ್ಯೂಟ್ ಮಾಡಿ ಎಂದರೆ ಸಾಲದು, ಏಕೆಂದು ಹೇಳಬೇಕು. ನನ್ನ ಮಾತು ನನಗೇ ಮರಳಿ ಕೇಳಿಸುತ್ತಿದ್ದರೆ ದೋಷ ಸಾಮಾನ್ಯವಾಗಿ ನನ್ನ ಕಡೆಯದಲ್ಲ. ಇನ್ನೊಬ್ಬರ ಸ್ಪೀಕರ್‌ನಿಂದ ಹೊರಟ ನನ್ನ ದನಿ ಅವರದೇ ಮೈಕ್‌ಗೆ ಸಿಕ್ಕಿ ವಾಪಸಾಗುತ್ತಿರುತ್ತದೆ, ಅದು ಅವರಿಗೆ ಗೊತ್ತೇ ಆಗುವುದಿಲ್ಲ. ಒಬ್ಬೊಬ್ಬರಾಗಿ ಮ್ಯೂಟ್ ಮಾಡುತ್ತಾ ಹೋದರೆ, ಯಾರು ಮಾಡಿದಾಗ ಪ್ರತಿಧ್ವನಿ ನಿಂತಿತೋ ಅಲ್ಲೇ ಇದೆ ಮೂಲ. ಒಂದೇ ಕೋಣೆಯಲ್ಲಿ ಕೂತ ಬೆಂಗಳೂರಿನ ಐವರು ಒಂದೇ ಲ್ಯಾಪ್‌ಟಾಪ್‌ನ ಮೈಕ್ ಮತ್ತು ಸ್ಪೀಕರ್ ಬಳಸಬೇಕು, ಇಲ್ಲವೇ ಎಲ್ಲರೂ ಹೆಡ್‌ಫೋನ್ ಹಾಕಿಕೊಳ್ಳಬೇಕು. ಇಮೇಲ್‌ನಲ್ಲಿ ಇಷ್ಟು ಸಾಕು: ‘ಮಾತಾಡದಿರುವಾಗ ಮ್ಯೂಟ್‌ನಲ್ಲಿರಿ. ಮೀಟ್‌ನಲ್ಲಿ Ctrl+D ಒತ್ತಿದರಾಯಿತು. ಮರೆತವರಿದ್ದರೆ ನಾನೇ ಮ್ಯೂಟ್ ಮಾಡುತ್ತೇನೆ, ಬೇಸರ ಬೇಡ.’

ಪತ್ರ ಫೋನ್ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯಬೇಕು. ‘ಎರಡು ವಾರ ಹೀಗೆ ಮಾಡಿ ನೋಡೋಣ, ಸರಿಹೋಗದ್ದನ್ನು ಹೇಳಿ’ ಎಂಬ ಸಾಲನ್ನೂ ಸೇರಿಸಿ. ಅಷ್ಟಾದ ಮೇಲೂ ಒಬ್ಬರೇ ದಿನಾ ತಡ ಮಾಡುತ್ತಿದ್ದರೆ ಎಲ್ಲರಿಗೂ ಮತ್ತೊಂದು ಇಮೇಲ್ ಕಳಿಸಬೇಡಿ. ಅವರೊಬ್ಬರಿಗೇ ಫೋನ್ ಮಾಡಿ.